ಮೊದಲ ಸಂಕಲನಕ್ಕೊಂದು ಕಾವ್ಯನಾಮ: ಸಹೋದ್ಯೋಗಿಗಳಿಗೂ ನೆಂಟರಿಗೂ ಗುರುತು ಸಿಗದ ಹೆಸರನ್ನು ಆರಿಸುವ ಬಗೆ

ಗುಟ್ಟಾಗಿ ಬರೆಯಬೇಕೆಂದಿರುವ ಹೊಸ ಕವಿ ಕನ್ನಡದ ಹೆಸರಾಂತ ಕಾವ್ಯನಾಮಗಳನ್ನು ಮಾದರಿಯಾಗಿ ಇಟ್ಟುಕೊಂಡರೆ ದಾರಿ ತಪ್ಪುತ್ತದೆ. ಕುವೆಂಪು ಎಂಬ ಮೂರಕ್ಷರದಲ್ಲಿ ಕುಪ್ಪಳಿ ಎಂಬ ಊರು, ವೆಂಕಟಪ್ಪ ಎಂಬ ತಂದೆ, ಪುಟ್ಟಪ್ಪ ಎಂಬ ಮಗ ಮೂವರೂ ಇದ್ದಾರೆ. ಅಂಬಿಕಾತನಯದತ್ತ ಎಂಬುದರಲ್ಲಿ ಬೇಂದ್ರೆಯವರ ತಾಯಿಯ ಹೆಸರೂ ಇದೆ, ಅವರ ಸ್ವಂತ ಹೆಸರಿನ ತುಣುಕೂ ಇದೆ. ಪುತಿನ ಎಂದರೆ ಪು.ತಿ. ನರಸಿಂಹಾಚಾರ್ ಎಂದು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಇವು ಕವಿಯನ್ನು ಮರೆಮಾಡಲು ಹುಟ್ಟಿದ ಹೆಸರುಗಳಲ್ಲ. ಊರು, ತಂದೆತಾಯಿ, ತಾನು ಎಲ್ಲವನ್ನೂ ಅಡಕವಾಗಿ ತೋರಿಸಲು ಹುಟ್ಟಿದವು. ಕಾವ್ಯನಾಮ ಎಂದೊಡನೆ ನಮ್ಮ ಕೈ ತಾನಾಗಿ ಹೋಗುವುದು ಇದೇ ಕಡೆಗೆ: ತಾಯಿಯ ಹೆಸರು, ಹುಟ್ಟಿದೂರು, ಮೊದಲಕ್ಷರಗಳು, ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ಇವೆಲ್ಲವೂ ನಿಮ್ಮ ನೆಂಟರಿಗೆ ಬಾಯಿಪಾಠ. ಆದ್ದರಿಂದ ಖಾಸಗಿತನಕ್ಕಾಗಿ ಹೆಸರನ್ನು ಆರಿಸುವವರು ಈ ಸಂಪ್ರದಾಯವನ್ನು ತಲೆಕೆಳಗು ಮಾಡಿಯೇ ಆರಂಭಿಸಬೇಕು.

ಮರೆಯಾಗಲೆಂದೇ ಬರೆದವರು ನಮ್ಮಲ್ಲಿ ಇಲ್ಲವೆಂದಲ್ಲ. ಮುದ್ದಣನೆಂದು ನಾವು ಓದುವ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ತಮ್ಮ ಕೃತಿಗಳನ್ನು ಹಿಂದಿನ ಕಾಲದ ಕವಿಯ ರಚನೆ ಎಂಬಂತೆ ಅಚ್ಚಿಗೆ ಕಳುಹಿಸಿದ್ದರು. 1901ರಲ್ಲಿ ಅವರು ತೀರಿಕೊಂಡ ಮೇಲೆಯೇ ನಿಜಕರ್ತೃ ಯಾರೆಂಬುದು ಸಾಹಿತ್ಯಲೋಕಕ್ಕೆ ಖಚಿತವಾದದ್ದು. ಚಿಲಿ ದೇಶದ ಹದಿಹರೆಯದ ಹುಡುಗನೊಬ್ಬ, ಕವಿತೆ ಬರೆಯುವುದನ್ನು ಒಪ್ಪದ ತಂದೆಯ ಕಣ್ಣು ತಪ್ಪಿಸಲು 1920ರಲ್ಲಿ ಪಾಬ್ಲೊ ನೆರೂಡ ಎಂಬ ಹೆಸರಿಟ್ಟುಕೊಂಡ. ರೈಲ್ವೆಯಲ್ಲಿ ದುಡಿಯುತ್ತಿದ್ದ ಆ ತಂದೆಯ ಮನೆತನದ ಹೆಸರು ರೆಯೆಸ್. ಹೊಸ ಹೆಸರಿನಲ್ಲಿ ಅದರ ಸುಳಿವನ್ನೂ ಹುಡುಗ ಉಳಿಸಿಕೊಳ್ಳಲಿಲ್ಲ. ನಮ್ಮ ಕೆಲಸಕ್ಕೆ ಬೇಕಾದ ಮಾದರಿ ಇದು.

ಮೊದಲ ಹೆಜ್ಜೆ: ಯಾರಿಂದ ಮರೆಯಾಗಬೇಕು ಎಂದು ಬರೆದುಕೊಳ್ಳಿ

ಹೆಸರನ್ನು ಯೋಚಿಸುವ ಮೊದಲು ಒಂದು ಹಾಳೆಯಲ್ಲಿ, ನಿಮ್ಮ ಕವಿತೆಗಳು ಯಾರ ಕೈಗೆ ನಿಮ್ಮ ಹೆಸರಿನೊಂದಿಗೆ ಸಿಗಬಾರದೋ ಅವರನ್ನು ಒಬ್ಬೊಬ್ಬರಾಗಿ ಬರೆಯಿರಿ. "ನೆಂಟರು" ಎಂದು ಬರೆದರೆ ಸಾಲದು. "ದೊಡ್ಡಣ್ಣ", "ಅತ್ತಿಗೆಯ ತಂಗಿ", "ವಿಭಾಗದ ಮುಖ್ಯಸ್ಥರು" ಎಂದು ಬರೆಯಬೇಕು. ಪ್ರತಿಯೊಬ್ಬರ ಮುಂದೆ ಎರಡು ಸಂಗತಿ ಸೇರಿಸಿ. ಒಂದು, ಇವರಿಗೆ ನಿಮ್ಮ ಬಗ್ಗೆ ಏನೇನು ಗೊತ್ತು. ಎರಡು, ಕವಿತೆ ಇವರ ಕಣ್ಣಿಗೆ ಬೀಳುವ ದಾರಿ ಯಾವುದು.

ಹೀಗೆ ಬರೆದಾಗ ಸಹೋದ್ಯೋಗಿಗೂ ನೆಂಟನಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಸಹೋದ್ಯೋಗಿಗೆ ನಿಮ್ಮ ಪೂರ್ಣ ಹೆಸರು, ಮುಖ, ಮೊಬೈಲ್ ಸಂಖ್ಯೆ, ಕೈಬರಹ ಗೊತ್ತು. ಆದರೆ ನಿಮ್ಮ ಅಜ್ಜಿಯ ಹೆಸರು ಗೊತ್ತಿಲ್ಲ. ಅವರು ನಿಮ್ಮನ್ನು ಹಿಡಿಯುವುದು ಹುಡುಕಾಟದಿಂದ, ಫೋಟೊದಿಂದ, ಮೊಬೈಲ್ ಸಂಖ್ಯೆಯಿಂದ. ನೆಂಟನಿಗೆ ಹುಡುಕಬೇಕಾದ ಅಗತ್ಯವೇ ಇಲ್ಲ. ಆಕಸ್ಮಿಕವಾಗಿ ಒಂದು ಕವಿತೆ ಓದಿ, ಅದರಲ್ಲಿ ಹಿತ್ತಲ ಬಾವಿಗೆ ಬಿದ್ದ ತಾಮ್ರದ ಚೊಂಬಿನ ಪ್ರಸಂಗ ಕಂಡರೆ ಸಾಕು, ಹೆಸರು ಯಾವುದಿದ್ದರೂ ಇದು ನಮ್ಮ ಮನೆಯದೇ ಎಂದು ಹೇಳಿಬಿಡುತ್ತಾನೆ. ಸಹೋದ್ಯೋಗಿಗಳಿಂದ ಕಾಪಾಡುವುದು ಹೆಸರು ಮತ್ತು ಖಾತೆಗಳ ಶಿಸ್ತು. ನೆಂಟರಿಂದ ಕಾಪಾಡುವುದು ಬಹುಮಟ್ಟಿಗೆ ಕವಿತೆಯೊಳಗಿನ ಶಿಸ್ತು. ಎರಡನ್ನೂ ಹೆಸರೊಂದೇ ಮಾಡಿಕೊಡುತ್ತದೆ ಎಂದು ನಂಬಿದವರಿಗೇ ಮುಂದೆ ತೊಂದರೆ.

ಇಲ್ಲಿಯೇ ಇನ್ನೊಂದು ತೀರ್ಮಾನವೂ ಆಗಬೇಕು: ಎಷ್ಟು ಕಾಲ ಮತ್ತು ಎಷ್ಟು ಬಿಗಿಯಾಗಿ? ಪತ್ರಿಕೆಯಲ್ಲಿ ಕವಿತೆ ಬಂದಾಗ ಕಚೇರಿಯಲ್ಲಿ ಮಾತಾಗಬಾರದು ಎಂಬುದಷ್ಟೇ ನಿಮ್ಮ ಬಯಕೆಯಾದರೆ ಕೆಲಸ ಸುಲಭ. ಬದುಕಿರುವವರೆಗೂ ಮನೆಯವರಿಗೆ ತಿಳಿಯಬಾರದು ಎಂದಾದರೆ ಕವಿಗೋಷ್ಠಿ, ಫೋಟೊ, ಸಂದರ್ಶನ, ಬಹುಮಾನ ವಿತರಣೆಯ ವೇದಿಕೆ ಇವುಗಳಲ್ಲಿ ಹೆಚ್ಚಿನದನ್ನು ಬಿಟ್ಟುಕೊಡಬೇಕಾಗುತ್ತದೆ. ಆ ಬೆಲೆಯನ್ನು ಮೊದಲೇ ಎಣಿಸಿಕೊಳ್ಳಿ. ಸಂಕಲನ ಬಂದ ಮೇಲೆ ವೇದಿಕೆಯ ಆಸೆ ಹುಟ್ಟುವುದು ಸಹಜ, ಆಗ ಬಾಗಿಲು ತೆರೆದರೆ ಮತ್ತೆ ಮುಚ್ಚುವಂತಿಲ್ಲ.

ಎರಡನೆಯ ಹೆಜ್ಜೆ: ಹೆಸರುಗಳನ್ನು ಕೂಡಿಹಾಕುವುದು

ಆರೇಳು ಹೆಸರುಗಳ ಪಟ್ಟಿ ಬೇಕು. ಒಂದೇ ಹೆಸರಿಗೆ ಮೊದಲ ದಿನವೇ ಮನಸೋಲಬಾರದು. ಪಟ್ಟಿಗೆ ಬರಬಾರದವು ಯಾವುವು ಎಂಬುದು ಮೇಲಿನ ಮಾತಿನಿಂದಲೇ ಸ್ಪಷ್ಟ: ನಿಮ್ಮ ಹೆಸರಿನ ತುಣುಕು, ಅದನ್ನು ತಿರುಗಿಸಿದ ರೂಪ, ಅದೇ ಮೊದಲಕ್ಷರಗಳು, ಮಕ್ಕಳ ಹೆಸರು, ಮನೆದೇವರು, ಊರು, ಮನೆಯ ಹೆಸರು. ಮೊದಲಕ್ಷರ ಉಳಿಸಿಕೊಳ್ಳುವ ಚಪಲ ಬಹಳ ಹಳೆಯದು. 1846ರಲ್ಲಿ ಬ್ರಾಂಟೆ ಸಹೋದರಿಯರಾದ ಷಾರ್ಲೆಟ್, ಎಮಿಲಿ, ಆನ್ ತಮ್ಮ ಕವನ ಸಂಕಲನವನ್ನು ಕರರ್, ಎಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಬರೆದರೆ ಮೂವರೂ ತಮ್ಮ ಮೊದಲಕ್ಷರವನ್ನು ಬಿಡಲಿಲ್ಲ. ಅವರನ್ನು ಅರಿಯದ ಓದುಗರಿಗೆ ಅದರಿಂದ ಏನೂ ಹೊಳೆಯಲಾರದು. ಆದರೆ ಮೂವರು ಅಕ್ಕತಂಗಿಯರಿರುವ ಮನೆಯನ್ನು ಬಲ್ಲ ನೆರೆಯವರಿಗೆ ಮೂರು ಅಕ್ಷರಗಳ ಹೊಂದಿಕೆ ದೊಡ್ಡ ಸುಳಿವು. ಗಂಡೋ ಹೆಣ್ಣೋ ಎಂದು ಹೇಳಲಾಗದ ಹೆಸರುಗಳನ್ನು ಅವರು ಬೇಕೆಂದೇ ಆರಿಸಿದ್ದರು ಎಂಬುದು ಮಾತ್ರ ಇಂದಿಗೂ ಅನುಸರಿಸಬಹುದಾದ ಜಾಣತನ.

ಹಾಗಾದರೆ ಎಲ್ಲಿಂದ ತರುವುದು? ನಿಮ್ಮ ಬದುಕಿನಲ್ಲಿ ಬೇರಿಲ್ಲದ ಕಡೆಯಿಂದ. ನೀವು ಎಂದೂ ಬೆಳೆಸದ ಗಿಡ, ನೋಡದ ನದಿ, ನಿಘಂಟಿನಲ್ಲಿ ಕಣ್ಣಿಗೆ ಬಿದ್ದ ಹಳಗನ್ನಡದ ಪದ, ಪುರಾಣದ ಸಣ್ಣ ಪಾತ್ರ. ಇಷ್ಟವಾಗುವ ಹೆಸರೇ ಇರಲಿ, ಆದರೆ ಇಷ್ಟಕ್ಕೆ ಕಾರಣ ಮನೆಯವರಿಗೆ ಗೊತ್ತಿರುವಂಥದ್ದಾಗಬಾರದು.

ಒಂಟಿ ಪದಕ್ಕಿಂತ ಎರಡು ಪದದ ಹೆಸರು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂಟಿ ಪದ ಕಾವ್ಯನಾಮವೆಂದು ನೋಡಿದೊಡನೆ ತಿಳಿಯುತ್ತದೆ, ತಿಳಿದೊಡನೆ ಯಾರಿರಬಹುದು ಎಂಬ ಕುತೂಹಲ ಹುಟ್ಟುತ್ತದೆ. ಎರಡು ಪದದ, ಮನುಷ್ಯರ ಹೆಸರಿನಂತೆಯೇ ಇರುವ ಹೆಸರು ಆ ಪ್ರಶ್ನೆಯನ್ನೇ ಎಬ್ಬಿಸುವುದಿಲ್ಲ. ಜಾಲತಾಣಗಳ ಅರ್ಜಿಗಳು ಹೆಸರಿಗೂ ಉಪನಾಮಕ್ಕೂ ಬೇರೆ ಬೇರೆ ಜಾಗ ಕೇಳುವುದರಿಂದ ಅಲ್ಲಿಯೂ ಅನುಕೂಲ.

ಉಪನಾಮದ ವಿಷಯದಲ್ಲಿ ಒಂದು ಗೆರೆಯನ್ನು ದಾಟಬಾರದು. ನಮ್ಮಲ್ಲಿ ಉಪನಾಮವೆಂದರೆ ಬಹಳ ಸಲ ಜಾತಿ, ಸಮುದಾಯ, ಪ್ರದೇಶದ ಗುರುತು. ನಿಮ್ಮದಲ್ಲದ ಸಮುದಾಯದ ಉಪನಾಮ ಧರಿಸಿ, ಆ ಸಮುದಾಯದ ನೋವನ್ನು ನಾನು ಎಂಬ ದನಿಯಲ್ಲಿ ಬರೆದರೆ ಅದು ಮರೆಯಲ್ಲ, ವಂಚನೆ. ಓದುಗರು ಅನುಭವವನ್ನು ನಂಬಿ ಓದಿರುತ್ತಾರೆ. ಇಂಥ ಹೆಸರು ಬಯಲಾದ ದಿನ ಕವಿತೆಗಳೂ ಅದರೊಂದಿಗೆ ಬೀಳುತ್ತವೆ. ಯಾವ ಸಮುದಾಯಕ್ಕೂ ಸೇರದ ಪದವನ್ನು ಉಪನಾಮದ ಜಾಗದಲ್ಲಿ ಇಡುವುದೇ ಒಳ್ಳೆಯದು. ಹಾಗೆಯೇ ನಿಮಗಿಲ್ಲದ ಪದವಿಯನ್ನಾಗಲಿ, ಬದುಕಿರುವ ಕವಿಯ ಹೆಸರನ್ನು ಹೋಲುವ ಹೆಸರನ್ನಾಗಲಿ ಇಟ್ಟುಕೊಳ್ಳಬೇಡಿ.

ಮೂರನೆಯ ಹೆಜ್ಜೆ: ಜರಡಿ ಹಿಡಿಯುವುದು, ಒಂದು ಉದಾಹರಣೆಯ ಮೂಲಕ

ಒಬ್ಬ ಹೊಸ ಕವಯಿತ್ರಿಯನ್ನು ಊಹಿಸಿಕೊಳ್ಳೋಣ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಮೂವರು ಅಣ್ಣಂದಿರು. ಕೈಯಲ್ಲಿ ನಲವತ್ತು ಕವಿತೆಗಳಿವೆ. ತಾಯಿಯ ಕೊನೆಯ ತಿಂಗಳುಗಳು, ಆಸ್ತಿ ಪಾಲಾದಾಗ ಮನೆಯಲ್ಲಿ ಆಡಿದ ಮಾತುಗಳು, ದಾಂಪತ್ಯದ ಮೌನ ಅವುಗಳ ವಸ್ತು. ಅಣ್ಣಂದಿರಿಗೆ ತಿಳಿಯಬಾರದು, ಕಚೇರಿಯಲ್ಲಿ ಚರ್ಚೆಯಾಗಬಾರದು. ಆಕೆಯ ಪಟ್ಟಿಯಲ್ಲಿ ಆರು ಹೆಸರುಗಳಿವೆ.

ಮೊದಲನೆಯದು ತಾಯಿಯ ಹೆಸರಿಗೆ "ಸುತೆ" ಸೇರಿಸಿದ್ದು. ತಾಯಿಯ ಸಾವಿನ ಕವಿತೆಗಳಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ ಎಂದು ಆಕೆಗೆ ಅನ್ನಿಸುವುದು ನ್ಯಾಯವೇ. ಆದರೆ ಆ ಹೆಸರಿನ ತಾಯಿಗೆ ಮಗಳಿರುವುದು ಒಬ್ಬಳೇ. ಅಣ್ಣ ಓದುವುದೇ ಬೇಡ, ಮುಖಪುಟ ನೋಡಿದರೆ ಸಾಕು. ತೆಗೆದುಹಾಕಬೇಕು.

ಎರಡನೆಯದು ಅನಾಮಿಕಾ. ಗುಟ್ಟಿನ ದೃಷ್ಟಿಯಿಂದ ಭದ್ರ, ಆದರೆ ಹೆಸರಾಗಿ ನಿರುಪಯೋಗಿ. ಇದೇ ಹೆಸರಿನಲ್ಲಿ ಬರೆಯುವವರು ಲೆಕ್ಕವಿಲ್ಲದಷ್ಟಿರುವುದರಿಂದ ಕವಿತೆ ಮೆಚ್ಚಿದ ಓದುಗ ಮುಂದಿನ ಕವಿತೆಯನ್ನು ಹುಡುಕಿಕೊಂಡು ಬರಲಾರ. ಮರೆಯಾಗಬೇಕಾದದ್ದು ನೆಂಟರಿಂದ, ಓದುಗರಿಂದಲ್ಲ.

ಮೂರನೆಯದು ನೀಲಾಂಬರಿ. ರಾಗದ ಹೆಸರಾದ್ದರಿಂದ ಹುಡುಕಿದವರಿಗೆ ಸಿಗುವುದು ಸಂಗೀತವೇ. ಕೊರತೆ ಅನಾಮಿಕಾದ್ದೇ.

ನಾಲ್ಕನೆಯದು ಜ್ಞಾನದಾ. ಕಿವಿಗೆ ಚೆನ್ನಾಗಿದೆ. ಆದರೆ ಕನ್ನಡದ ಹೆಸರು ಎಲ್ಲಿಗೇ ಹೋದರೂ ರೋಮನ್ ಲಿಪಿಯಲ್ಲಿಯೂ ಬದುಕಬೇಕಾಗುತ್ತದೆ: ಇಮೇಲ್ ವಿಳಾಸ, ಜಾಲತಾಣದ ಖಾತೆ, ಪುಸ್ತಕ ಮಾರುವ ತಾಣಗಳ ಪಟ್ಟಿ. ಈ ಹೆಸರನ್ನು ಒಬ್ಬರು `Jnanada` ಎಂದೂ ಇನ್ನೊಬ್ಬರು `Gnanada` ಎಂದೂ ಮತ್ತೊಬ್ಬರು `Gyanada` ಎಂದೂ ಬರೆಯುತ್ತಾರೆ. ಒಬ್ಬ ಕವಿಯ ಪುಸ್ತಕ ಮೂವರ ಹೆಸರಿನಲ್ಲಿ ಹಂಚಿಹೋಗುತ್ತದೆ. ಜ್ಞ, ಋ, ಳ, ಶ ಮತ್ತು ಷ, ಕೊನೆಯ ದೀರ್ಘ ಇವಿರುವ ಹೆಸರುಗಳನ್ನೆಲ್ಲ ಬೇರೆ ಬೇರೆ ಜನ ಹೇಗೆ ಟೈಪ್ ಮಾಡುತ್ತಾರೆ ಎಂದು ಬರೆದು ನೋಡಿಯೇ ಒಪ್ಪಬೇಕು.

ಐದನೆಯದು ರೇವಾ ಪಾರಿಜಾತ. ಎರಡು ಪದ, ಹೇಳಲು ಸುಲಭ, ಯಾವ ಸಮುದಾಯದ್ದೂ ಅಲ್ಲ. ಬಹುತೇಕ ಗೆದ್ದ ಹೆಸರು. ಆದರೆ ತವರಿನ ಅಂಗಳದಲ್ಲಿ ಪಾರಿಜಾತದ ಮರವಿದೆ, ಸಂಕಲನದ ಹದಿನೇಳನೆಯ ಕವಿತೆಯಲ್ಲಿ ತಾಯಿ ಬೆಳಗಿನ ಜಾವ ಅದರ ಹೂ ಆಯುತ್ತಾಳೆ. ಹೆಸರು ಮಾತ್ರ ಇದ್ದಿದ್ದರೆ, ಅಥವಾ ಕವಿತೆ ಮಾತ್ರ ಇದ್ದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಎರಡೂ ಒಟ್ಟಿಗೆ ಬಂದಾಗ ಅಣ್ಣನ ಕೈ ಪುಟದ ಮೇಲೆ ನಿಲ್ಲುತ್ತದೆ. ಹೆಸರನ್ನು ಯಾವಾಗಲೂ ಹಸ್ತಪ್ರತಿಯ ಜತೆಗಿಟ್ಟು ಪರೀಕ್ಷಿಸಬೇಕು ಎನ್ನುವುದು ಇದಕ್ಕೇ.

ಆಕೆ ಹೂವನ್ನು ಬದಲಿಸುತ್ತಾಳೆ. ಆರನೆಯ ಹೆಸರು ರೇವಾ ಕಣಗಿಲೆ. ಮನೆಯಲ್ಲಿ ಕಣಗಿಲೆ ಇರಲಿಲ್ಲ, ನಲವತ್ತು ಕವಿತೆಗಳಲ್ಲಿ ಎಲ್ಲಿಯೂ ಅದು ಬರುವುದಿಲ್ಲ. ಈಗ ಹುಡುಕಾಟದ ಸರದಿ. ಕನ್ನಡ ಲಿಪಿಯಲ್ಲಿ ಒಮ್ಮೆ, `Reva Kanagile` ಎಂದು ಒಮ್ಮೆ, ಎರಡೂ ಪದಗಳನ್ನು ಕೂಡಿಸಿ ಒಮ್ಮೆ. ಉದ್ಧರಣ ಚಿಹ್ನೆಯೊಳಗೆ ಹೆಸರನ್ನಿಟ್ಟು ಹುಡುಕಿದರೆ ಅದೇ ಅನುಕ್ರಮದಲ್ಲಿರುವುದು ಮಾತ್ರ ಮುಂದೆ ಬರುತ್ತದೆ. ಪುಸ್ತಕದಂಗಡಿಗಳ ತಾಣ, ಗ್ರಂಥಾಲಯದ ಪಟ್ಟಿ, ಜಾಲತಾಣಗಳ ಖಾತೆ ಎಲ್ಲವನ್ನೂ ನೋಡಬೇಕು. ಈ ಹೆಸರಿನ ನಿಜವಾದ ವ್ಯಕ್ತಿ ಎಲ್ಲಿಯಾದರೂ ಇದ್ದರೆ ಬಿಟ್ಟುಬಿಡಿ. ನಿಮ್ಮ ದಾಂಪತ್ಯದ ಕವಿತೆಗೆ ಆಕೆಯ ಮನೆಯವರು ಆಕೆಯನ್ನು ಪ್ರಶ್ನಿಸುವಂತಾಗಬಾರದು. ಕಣಗಿಲೆಯನ್ನು ಕಣಗಲೆ ಎಂದು ಬರೆಯುವವರೂ ಇದ್ದಾರೆ. ಆದ್ದರಿಂದ ಆಕೆ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳುತ್ತಾಳೆ, `Kanagale` ಎಂಬ ರೂಪದಲ್ಲಿಯೂ ಒಂದು ಖಾತೆಯನ್ನು ಕಾಯ್ದಿರಿಸುತ್ತಾಳೆ.

ಕೊನೆಯದು ಕಿವಿಯ ಪರೀಕ್ಷೆ. ಹೆಸರನ್ನು ಗಟ್ಟಿಯಾಗಿ ಹೇಳಿ: "ಈಗ ರೇವಾ ಕಣಗಿಲೆಯವರು ಕವಿತೆ ಓದುತ್ತಾರೆ." ನಾಲಗೆ ಎಡವುತ್ತದೆಯೇ? ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ಸರಿಯಾಗಿ ಬರೆದುಕೊಳ್ಳಬಲ್ಲರೇ? ಕೆಲವು ವಾರ ಡೈರಿಯಲ್ಲಿ, ಕವಿತೆಗಳ ಕೆಳಗೆ ಅದೇ ಹೆಸರನ್ನು ಬರೆಯುತ್ತಿರಿ. ಆ ಅವಧಿಯ ಕೊನೆಯಲ್ಲಿಯೂ ಅದು ಬೇರೆಯವರದೆಂದೇ ಅನ್ನಿಸುತ್ತಿದ್ದರೆ ಪಟ್ಟಿಗೆ ಮರಳುವುದು ಮೇಲು. ಮೊದಲ ಕವಿತೆ ಅಚ್ಚಾಗುವವರೆಗೆ ಹೆಸರು ಬದಲಿಸಲು ಏನೂ ಖರ್ಚಿಲ್ಲ. ಸಂಕಲನ ಬಂದ ಮೇಲೆ ಬದಲಿಸಿದರೆ ಹಳೆಯ ಓದುಗರನ್ನು ಕಳೆದುಕೊಳ್ಳುತ್ತೀರಿ.

ಹೆಸರು ಹೇಗಿದೆ ಎಂದು ಹತ್ತು ಜನರನ್ನು ಕೇಳುವ ಆಸೆಯನ್ನು ಮಾತ್ರ ಅದುಮಿಡಿ. 2013ರಲ್ಲಿ ಜೆ.ಕೆ. ರೌಲಿಂಗ್ ಅವರು ರಾಬರ್ಟ್ ಗಾಲ್‌ಬ್ರೇತ್ ಎಂಬ ಹೆಸರಿನಲ್ಲಿ ಬರೆದ ಕಾದಂಬರಿಯ ಗುಟ್ಟು ಬಯಲಾದದ್ದಕ್ಕೆ ಮೂಲ, ಅವರ ವಕೀಲರ ಸಂಸ್ಥೆಯ ಪಾಲುದಾರರೊಬ್ಬರು ಹೆಂಡತಿಯ ಗೆಳತಿಗೆ ನಂಬಿಕೆಯಿಂದ ಹೇಳಿದ ಒಂದು ಮಾತು. ಆಕೆ ಅದನ್ನು ಟ್ವಿಟರ್‌ನಲ್ಲಿ ಬಾಯಿಬಿಟ್ಟರು. ಆಮೇಲೆ ಗಣಕದ ನೆರವಿನ ಶೈಲಿ ವಿಶ್ಲೇಷಣೆಯೂ ನಡೆಯಿತು; ಆದರೆ ಅದು ಕೈಗೆ ಬಂದ ಸುಳಿವನ್ನು ಪರೀಕ್ಷಿಸಲು ಮಾತ್ರ. ಮೊದಲು ಸೋರಿದ್ದು ಆಪ್ತರ ಬಾಯಿಂದ. ನಿಮ್ಮ ಎರಡೂ ಹೆಸರು ಬಲ್ಲವರು ಯಾರೆಂದು ಒಂದೇ ಉಸಿರಿನಲ್ಲಿ ಹೇಳುವಂತಿರಬೇಕು: ಸಂಪಾದಕ ಅಥವಾ ಪ್ರಕಾಶಕ, ಮತ್ತು ನೀವು ಮುಂಚಿತವಾಗಿ ಮಾತಾಡಿಟ್ಟುಕೊಂಡ ಒಬ್ಬ ಆಪ್ತರು. ಆ ಆಪ್ತರಿಗೂ "ನಿಮ್ಮ ಮನೆಯವರಿಗೂ ಹೇಳಬಾರದು" ಎಂದು ಬಾಯಿಬಿಟ್ಟು ಹೇಳಬೇಕು. ದಂಪತಿಗಳ ನಡುವೆ ಹೋದದ್ದನ್ನು ಗುಟ್ಟು ಒಡೆದದ್ದೆಂದು ಬಹಳ ಜನ ಎಣಿಸುವುದೇ ಇಲ್ಲ.

ನಾಲ್ಕನೆಯ ಹೆಜ್ಜೆ: ಹೆಸರಿಗೆ ಬೇರೆಯದೇ ವಿಳಾಸ

ಹೆಸರು ಗಟ್ಟಿಯಾದ ಮೇಲೆ, ಒಂದು ಕವಿತೆಯನ್ನೂ ಕಳುಹಿಸುವ ಮೊದಲು, ಹೊಸ ಇಮೇಲ್ ಖಾತೆ ತೆರೆಯಿರಿ. ಕಳುಹಿಸುವವರ ಹೆಸರಿನ ಜಾಗದಲ್ಲಿ ಕಾವ್ಯನಾಮವೇ ಇರಲಿ, ಫೋಟೊ ಬೇಡ. ನಿಮಗೆ ನೀವೇ ಒಂದು ಪತ್ರ ಕಳುಹಿಸಿಕೊಂಡು ಅದು ತಲುಪಿದಾಗ ಯಾವ ಹೆಸರು ಕಾಣುತ್ತದೆ ಎಂದು ನೋಡಿ. ಕಚೇರಿಯ ಕಂಪ್ಯೂಟರಿನಲ್ಲಿ ಈ ಖಾತೆಯನ್ನು ಎಂದಿಗೂ ತೆರೆಯಬೇಡಿ.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಮೊಬೈಲ್ ಸಂಖ್ಯೆ. ನಿಮ್ಮ ಸಂಖ್ಯೆ ಎಲ್ಲ ನೆಂಟರ, ಸಹೋದ್ಯೋಗಿಗಳ ಫೋನಿನಲ್ಲಿದೆ. ಅವರು ತಮ್ಮ ಸಂಪರ್ಕಪಟ್ಟಿಯನ್ನು ನೋಡಲು ಒಂದು ಜಾಲತಾಣಕ್ಕೆ ಅನುಮತಿ ಕೊಟ್ಟಿದ್ದರೆ, ಅದೇ ಸಂಖ್ಯೆಯಿಂದ ತೆರೆದ ಹೊಸ ಖಾತೆಯನ್ನು ಆ ತಾಣ "ನಿಮಗೆ ಪರಿಚಯವಿರಬಹುದಾದವರು" ಎಂದು ಅವರ ಮುಂದೆ ತಂದಿಡಬಹುದು. ಹೆಸರು ಎಷ್ಟೇ ದೂರದ್ದಾಗಿರಲಿ, ರೇವಾ ಕಣಗಿಲೆ ಎಂಬ ಅಪರಿಚಿತೆ ಅಣ್ಣನ ಪರದೆಯ ಮೇಲೆ, ಅತ್ತಿಗೆಯ ಪರದೆಯ ಮೇಲೆ, ಕಚೇರಿಯ ಮೂವರ ಪರದೆಯ ಮೇಲೆ ಬಂದರೆ ಯಾರಾದರೊಬ್ಬರು ಒತ್ತಿ ನೋಡುತ್ತಾರೆ. ಸಾಧ್ಯವಾದರೆ ಸಂಖ್ಯೆಯನ್ನೇ ಕೊಡದೆ ಇಮೇಲ್‌ನಿಂದ ಖಾತೆ ತೆರೆಯಿರಿ. ಸಂಖ್ಯೆ ಕಡ್ಡಾಯವಾದರೆ ಯಾರಿಗೂ ಕೊಡದ ಬೇರೆ ಸಂಖ್ಯೆ ಬಳಸಿ. ಸಂಖ್ಯೆಯಿಂದ ನಿಮ್ಮನ್ನು ಹುಡುಕುವ ಅವಕಾಶವನ್ನು ಗೌಪ್ಯತೆಯ ವಿಭಾಗದಲ್ಲಿ ನಿಲ್ಲಿಸಿ. ನಿಮ್ಮ ಫೋನಿನ ಸಂಪರ್ಕಪಟ್ಟಿಯನ್ನೂ ಆ ತಾಣಕ್ಕೆ ತೋರಿಸಬೇಡಿ. ಕೊನೆಗೆ, ನಿಮ್ಮ ನಿಜ ಹೆಸರಿನ ಖಾತೆಯಿಂದ ಕಾವ್ಯನಾಮದ ಕವಿತೆಗಳನ್ನು ಮೆಚ್ಚಬೇಡಿ, ಹಂಚಬೇಡಿ. ಅಪರಿಚಿತ ಕವಿಯ ಪ್ರತಿ ಕವಿತೆಗೂ ಮೊದಲ ಮೆಚ್ಚುಗೆ ಒಬ್ಬರದೇ ಆದರೆ ಅದು ಸಹಿ ಹಾಕಿದಂತೆ.

ಕಡತದ ಒಳಗೂ ಹೆಸರು ಅಡಗಿರುತ್ತದೆ. ವರ್ಡ್ ಕಡತದ ಗುಣಲಕ್ಷಣಗಳಲ್ಲಿ `Author` ಎಂಬ ಜಾಗದಲ್ಲಿ ಕಂಪ್ಯೂಟರಿನ ಬಳಕೆದಾರರ ಹೆಸರು ತಾನಾಗಿ ಸೇರಿಕೊಳ್ಳುತ್ತದೆ. ಪಿಡಿಎಫ್ ಮಾಡಿದರೆ ಅದರೊಳಕ್ಕೂ ಹೋಗಬಹುದು. ವಿಂಡೋಸ್‌ನ ವರ್ಡ್‌ನಲ್ಲಿ `File`, `Info`, `Check for Issues`, `Inspect Document` ಎಂಬ ಕ್ರಮದಲ್ಲಿ ಹೋಗಿ ಅದನ್ನು ಅಳಿಸಬಹುದು. ಕಡತದ ಹೆಸರನ್ನೂ ನೋಡಿಕೊಳ್ಳಿ. ಕವಿತೆಗಳನ್ನು ಆನ್‌ಲೈನ್ ಕಡತದ ಕೊಂಡಿಯಾಗಿ ಕಳುಹಿಸಿದರೆ ಅದರ ಒಡೆಯರ ಹೆಸರು ತೆರೆದವರಿಗೆ ಕಾಣುವ ಸಾಧ್ಯತೆಯಿದೆ. ಕಾವ್ಯನಾಮದ ಖಾತೆಯಿಂದಲೇ ಸೃಷ್ಟಿಸಿದ ಕಡತವಾದರೆ ಆ ಚಿಂತೆ ಇಲ್ಲ.

ಐದನೆಯ ಹೆಜ್ಜೆ: ಸಂಪಾದಕರೊಂದಿಗೆ ನೇರ ಮಾತು

ಸಂಪಾದಕರಿಂದ ಗುಟ್ಟು ಮಾಡುವುದರಲ್ಲಿ ಲಾಭವಿಲ್ಲ. ಇದು ಕಾವ್ಯನಾಮ ಎಂದು ಮೊದಲ ಪತ್ರದಲ್ಲಿಯೇ ಹೇಳಿ. ಹೀಗೆ ಬರೆದರೆ ಸಾಕು:

"ಮಾನ್ಯರೇ, ಜತೆಗಿರುವ ಮೂರು ಕವಿತೆಗಳು ನನ್ನ ಸ್ವಂತ ರಚನೆಗಳು, ಬೇರೆಲ್ಲೂ ಪ್ರಕಟವಾಗಿಲ್ಲ. ರೇವಾ ಕಣಗಿಲೆ ನನ್ನ ಕಾವ್ಯನಾಮ. ಅದೇ ಹೆಸರಿನಲ್ಲಿ ಮಾತ್ರ ಪ್ರಕಟಿಸಬೇಕೆಂದು ಕೋರುತ್ತೇನೆ. ಕವಿತೆಗಳು ಸ್ವೀಕೃತವಾದರೆ ಗೌರವಧನದ ಪಾವತಿಗೆ ಬೇಕಾದ ನಿಜ ಹೆಸರನ್ನು ಪ್ರತ್ಯೇಕವಾಗಿ ತಿಳಿಸುತ್ತೇನೆ. ಅದನ್ನು ಲೆಕ್ಕದ ಕೆಲಸಕ್ಕಲ್ಲದೆ ಬೇರೆಲ್ಲೂ ಬಳಸಬಾರದೆಂದು ವಿನಂತಿ. ಸಂಪರ್ಕಕ್ಕೆ ಈ ಇಮೇಲ್ ಮಾತ್ರ."

ಬ್ಯಾಂಕ್ ಖಾತೆ ನಿಜ ಹೆಸರಿನಲ್ಲಿಯೇ ಇರುವುದರಿಂದ ಹಣದ ದಾರಿಯಲ್ಲಿ ಕಾವ್ಯನಾಮ ನಡೆಯುವುದಿಲ್ಲ. ಇಟಲಿಯ ಎಲೆನಾ ಫೆರಾಂಟೆ ಎಂಬ ಲೇಖನಾಮದ ಹಿಂದಿರುವವರು ಇಂಥವರೆಂದು 2016ರಲ್ಲಿ ಪತ್ರಕರ್ತರೊಬ್ಬರು ವಾದಿಸಿದ್ದು ಶೈಲಿಯಿಂದಲ್ಲ, ಪ್ರಕಾಶಕರ ಪಾವತಿ ಮತ್ತು ಆಸ್ತಿ ಖರೀದಿಯ ದಾಖಲೆಗಳಿಂದ. ಹೊಸ ಕವಿಯ ಗೌರವಧನದ ಬೆನ್ನು ಹತ್ತಿ ಯಾರೂ ಬರುವುದಿಲ್ಲ. ಆದರೆ ಜಂಟಿ ಖಾತೆಗೆ ಹಣ ಬಂದರೆ ಮನೆಯಲ್ಲಿ ಸಂದೇಶ ಇಬ್ಬರ ಫೋನಿಗೂ ಬೀಳಬಹುದು.

ಸಂಕಲನದ ಒಪ್ಪಂದ ನಿಜ ಹೆಸರಿನಲ್ಲಿಯೇ ಇರಬೇಕು, ಇಲ್ಲದಿದ್ದರೆ ಮುಂದೆ ಹಕ್ಕು ಸಾಧಿಸುವುದು ಕಷ್ಟ. ಅದರೊಳಗೆ ಎರಡು ಷರತ್ತು ಬರಹದಲ್ಲಿ ಸೇರಲಿ: ಕೃತಿ ಇಂಥ ಕಾವ್ಯನಾಮದಲ್ಲಿ ಪ್ರಕಟವಾಗತಕ್ಕದ್ದು, ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ನಿಜ ಹೆಸರು, ಫೋಟೊ, ಉದ್ಯೋಗ, ಊರು ಯಾವುದನ್ನೂ ಹೊರಗೆ ತಿಳಿಸತಕ್ಕದ್ದಲ್ಲ. ಕಾವ್ಯನಾಮ ಧರಿಸಿದ ಮಾತ್ರಕ್ಕೆ ಕೃತಿಸ್ವಾಮ್ಯ ಹೋಗುವುದಿಲ್ಲ. ಲೇಖಕರು ಯಾರೆಂದು ಹೊರಗೆ ತಿಳಿಯದಿದ್ದಾಗ ಅವರ ಪರವಾಗಿ ಪ್ರಕಾಶಕರು ಹಕ್ಕನ್ನು ಕಾಪಾಡಬಹುದೆಂದು ಕೃತಿಸ್ವಾಮ್ಯದ ಬಗ್ಗೆ ದೇಶದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದವೇ ಹೇಳುತ್ತದೆ. ಹಕ್ಕಿನ ಅವಧಿಯನ್ನು ಮಾತ್ರ ಸಾಮಾನ್ಯವಾಗಿ ಲೇಖಕರ ಮರಣದಿಂದಲ್ಲ, ಪ್ರಕಟಣೆಯಿಂದ ಎಣಿಸಲಾಗುತ್ತದೆ. ಅಚ್ಚಿಗೆ ಹೋಗುವ ಮೊದಲು ಕರಡಿನಲ್ಲಿ ಒಂದು ಪುಟವನ್ನು ವಿಶೇಷವಾಗಿ ನೋಡಿ: ಹಕ್ಕುಗಳ ವಿವರವಿರುವ ಪುಟ. ಮುಖಪುಟ, ಬೆನ್ನುಡಿ ಎಲ್ಲ ಸರಿಯಾಗಿದ್ದು, ಅಲ್ಲಿ ಸಣ್ಣ ಅಕ್ಷರದಲ್ಲಿ ಒಪ್ಪಂದದಿಂದ ಎತ್ತಿದ ನಿಜ ಹೆಸರು ಮತ್ತು ಮನೆ ವಿಳಾಸ ಉಳಿದುಬಿಡುವ ಅಪಾಯವಿದೆ.

ಸ್ಪರ್ಧೆಗಳ, ಬಹುಮಾನಗಳ ನಿಯಮಗಳನ್ನು ಕಳುಹಿಸುವ ಮೊದಲೇ ಓದಿ. ಕೆಲವು ಕಡೆ ನಿಜ ಹೆಸರು, ಫೋಟೊ, ವೇದಿಕೆಯಲ್ಲಿ ಹಾಜರಾತಿ ಕಡ್ಡಾಯ. ಉದ್ಯೋಗದ ನಿಯಮಗಳೂ ಹಾಗೆಯೇ: ಹೊರಗಿನ ಪ್ರಕಟಣೆಗೆ ಅನುಮತಿ ಬೇಕೆಂದು ನಿಯಮವಿದ್ದರೆ ಕಾವ್ಯನಾಮ ಅದರಿಂದ ವಿನಾಯಿತಿ ಕೊಡುವುದಿಲ್ಲ. ಯಾರನ್ನಾದರೂ ಗುರುತು ಸಿಗುವಂತೆ ನಿಂದಿಸಿದರೆ ಅದರ ಹೊಣೆಯೂ ತಪ್ಪುವುದಿಲ್ಲ.

ಆರನೆಯ ಹೆಜ್ಜೆ: ಪುಸ್ತಕದೊಳಗಿನ ಸುಳಿವುಗಳು

ಲೇಖಕರ ಪರಿಚಯವೇ ಬಹಳ ಸಲ ಗುಟ್ಟನ್ನು ಒಡೆಯುತ್ತದೆ. ಇದನ್ನು ನೋಡಿ: "ಸಣ್ಣ ಊರಿನಲ್ಲಿ ಹುಟ್ಟಿದ ರೇವಾ ಅವರು ಲೆಕ್ಕಪತ್ರ ವಿಭಾಗದಲ್ಲಿ ಹದಿನೈದು ವರ್ಷಗಳಿಂದ ಕೆಲಸದಲ್ಲಿದ್ದಾರೆ. ಮೂವರು ಅಣ್ಣಂದಿರ ಒಬ್ಬಳೇ ತಂಗಿ. ಬಿಡುವಿನಲ್ಲಿ ವೀಣೆ ನುಡಿಸುತ್ತಾರೆ." ಒಂದೊಂದು ಸಂಗತಿಯೂ ಸಾವಿರಾರು ಜನರಿಗೆ ಒಪ್ಪುತ್ತದೆ. ನಾಲ್ಕೂ ಸೇರಿದಾಗ, ಬಲ್ಲವರಿಗೆ ಉಳಿಯುವುದು ಒಬ್ಬರೇ. ಬದಲಿಗೆ: "ರೇವಾ ಕಣಗಿಲೆ ಎಂಬುದು ಕಾವ್ಯನಾಮ. ಇದು ಇವರ ಮೊದಲ ಸಂಕಲನ." ಇಷ್ಟೇ. ಸುಳ್ಳು ಊರು, ಸುಳ್ಳು ಉದ್ಯೋಗ ಕಟ್ಟಬೇಡಿ. ಹೇಳದೆ ಇರುವುದು ನಿಮ್ಮ ಹಕ್ಕು. ಕಟ್ಟಿದ ಜೀವನಚರಿತ್ರೆಯನ್ನು ಮಾತ್ರ ಕೊನೆಯವರೆಗೂ ನೆನಪಿಟ್ಟುಕೊಂಡು ನಡೆಸಬೇಕಾಗುತ್ತದೆ.

ಅರ್ಪಣೆಯಲ್ಲಿ ಹೆಸರುಗಳು ಬೇಡ. ಕೃತಜ್ಞತೆಯ ಪುಟದಲ್ಲಿ ಗೆಳೆಯರ ಹೆಸರುಗಳೂ ಬೇಡ, ಅವರ ಗುಂಪಿನಲ್ಲಿ ಕಾಣೆಯಾದವರು ಯಾರೆಂದು ನೋಡಿದರೆ ನೀವೇ ಸಿಗುತ್ತೀರಿ. ಹಿಂದೆ ನಿಜ ಹೆಸರಿನಲ್ಲಿ ಎಲ್ಲಿಯಾದರೂ, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿಯೇ ಆಗಲಿ, ಅಚ್ಚಾದ ಕವಿತೆಯನ್ನು ಈ ಸಂಕಲನಕ್ಕೆ ಸೇರಿಸಬೇಡಿ.

ಇನ್ನು ಕವಿತೆಗಳು. ಇಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ಮರೆಮಾಚುವ ಭರದಲ್ಲಿ ಕವಿತೆಯ ಜೀವ ತೆಗೆಯುವ ಭಯವಿದೆ. ಹಸ್ತಪ್ರತಿಯ ಒಂದು ಪ್ರತಿಯನ್ನು ತೆಗೆದುಕೊಂಡು, ಮೊದಲ ಪಟ್ಟಿಯ ದೊಡ್ಡಣ್ಣನ ಕಣ್ಣಿನಿಂದ ಓದಿ. ಅವನಿಗೆ ಮಾತ್ರ ಗೊತ್ತಿರಬಹುದಾದ ವಿವರಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹೀಗೆ ಗೆರೆ ಬಿದ್ದದ್ದೆಲ್ಲ ತೆಗೆಯಬೇಕಾದ್ದಲ್ಲ. ತಾಯಿಯ ಕೈ ನಡುಗುತ್ತಿತ್ತು ಎಂಬುದು ಎಷ್ಟೋ ಮನೆಗಳ ಕಥೆ. ಆದರೆ ಪಾಲಿನ ದಿನ ಎರಡನೆಯ ಅಣ್ಣ ತಕ್ಕಡಿ ತಂದು ಹಿತ್ತಾಳೆ ಪಾತ್ರೆಗಳನ್ನು ತೂಗಿದ ಎಂಬ ಸಾಲು ಇದೆ ಎನ್ನೋಣ. ಅಲ್ಲಿದ್ದವರು ಐದೇ ಜನ, ಓದಿದೊಡನೆ ಐವರಿಗೂ ತಿಳಿಯುತ್ತದೆ. ಕವಿತೆಗೆ ಬೇಕಾದದ್ದು ತೂಗಿದ ಕ್ರಿಯೆ. ತೂಗಿದವನು ಎರಡನೆಯ ಅಣ್ಣನೇ ಆಗಬೇಕಿಲ್ಲ, ತೂಗಿದ್ದು ಹಿತ್ತಾಳೆಯೇ ಆಗಬೇಕಿಲ್ಲ. "ಮಾವ ಅಳೆಗೋಲು ಹಿಡಿದು ಕಿಟಕಿಗಳನ್ನು ಅಳೆದ" ಎಂದು ಬದಲಿಸಿದರೆ ಅದೇ ತಣ್ಣಗಿನ ಲೆಕ್ಕಾಚಾರ ಉಳಿಯುತ್ತದೆ, ಸಾಕ್ಷಿಗಳು ಮಾಯವಾಗುತ್ತಾರೆ. ಇಂಥ ಬದಲಾವಣೆಯಿಂದ ಕವಿತೆ ಸತ್ತರೆ ಆ ಕವಿತೆಯನ್ನು ಈ ಸಂಕಲನದಿಂದ ಹೊರಗಿಡಿ. ಮೊಂಡು ಮಾಡಿ ಅಚ್ಚಿಸುವುದಕ್ಕಿಂತ ಅದು ಮೇಜಿನೊಳಗೆ ಹರಿತವಾಗಿ ಇರುವುದು ಮೇಲು.

ಘಟನೆಗಳಿಗಿಂತಲೂ ಸೂಕ್ಷ್ಮವಾದದ್ದು ನುಡಿಗಟ್ಟು. ನಿಮ್ಮ ಮನೆಯಲ್ಲಿ ಮಾತ್ರ ಬಳಸುವ ಒಂದು ಬೈಗುಳ, ತಾಯಿ ಕಟ್ಟಿದ ಒಂದು ಗಾದೆ, ಕಚೇರಿಯಲ್ಲಿ ನೀವು ದಿನಕ್ಕೆ ಹತ್ತು ಸಲ ಹೇಳುವ ಪದ ಇವು ಕವಿತೆಯಲ್ಲಿ ಬಂದರೆ ಓದುವವರಿಗೆ ನಿಮ್ಮ ದನಿಯೇ ಕೇಳಿಸುತ್ತದೆ. ನಿಮ್ಮ ಕಣ್ಣಿಗೆ ಇವು ಬೀಳುವುದು ಕಷ್ಟ. ಆ ಒಬ್ಬ ಆಪ್ತರಿಂದ ಓದಿಸಬೇಕಾದದ್ದು ಇದಕ್ಕಾಗಿ.

ಕೇಳಿದಾಗ, ತಿಳಿದುಹೋದಾಗ

ಯಾರಾದರೂ "ಇದು ನೀನೇ ತಾನೇ?" ಎಂದು ಕೇಳುವ ದಿನಕ್ಕೆ ಉತ್ತರವನ್ನು ಮೊದಲೇ ಸಿದ್ಧಮಾಡಿ ಹೇಳಿ ರೂಢಿಸಿಕೊಳ್ಳಿ. ಒತ್ತಿ ಒತ್ತಿ ಅಲ್ಲಗಳೆಯುವುದು ಅನುಮಾನವನ್ನು ಗಟ್ಟಿಮಾಡುತ್ತದೆ, ಮುಂದೆ ನಿಜ ತಿಳಿದಾಗ ಸಂಬಂಧವೂ ಕೆಡುತ್ತದೆ. "ಯಾವ ಕವಿತೆ, ತೋರಿಸಿ" ಎಂದು ಸಹಜವಾಗಿ ಓದಿ, ಕವಿತೆಯ ಬಗ್ಗೆ ಎರಡು ಮಾತಾಡಿ ವಿಷಯ ಬದಲಿಸಿದರೆ ಬಹುತೇಕ ಸಹೋದ್ಯೋಗಿಗಳು ಅಲ್ಲಿಗೇ ಬಿಡುತ್ತಾರೆ.

ಒಬ್ಬ ನೆಂಟರಿಗೆ ಖಚಿತವಾಗಿ ತಿಳಿದುಹೋದರೆ ಖಾತೆಗಳನ್ನು ಅಳಿಸುವುದಕ್ಕೆ ಓಡಬೇಡಿ. ಇದ್ದಕ್ಕಿದ್ದಂತೆ ಮಾಯವಾದ ಖಾತೆ ಒಪ್ಪಿಗೆಯ ಸಹಿಯಂತೆ ಕಾಣುತ್ತದೆ, ಕವಿತೆಗಳೂ ಓದುಗರೂ ಅದರೊಂದಿಗೆ ಹೋಗುತ್ತಾರೆ. ಅವರಿಗೆ ತಿಳಿದದ್ದು ಹೇಗೆ ಎಂದು ಮೊದಲು ಕೇಳಿ: ಸಂಖ್ಯೆಯಿಂದಲೇ, ಫೋಟೊದಿಂದಲೇ, ಯಾರಾದರೂ ಹೇಳಿದ್ದರಿಂದಲೇ, ಕವಿತೆಯಿಂದಲೇ. ಸಂಖ್ಯೆ, ಫೋಟೊದಂಥ ಬಿರುಕಾದರೆ ಅಂದೇ ಮುಚ್ಚಿ. ಬಾಯಿಂದ ಸೋರಿದ್ದರೆ, ಹೇಳಿದವರೊಂದಿಗೆ ಮಾತಾಡಿ ಬೇರೆ ಯಾರಿಗೆ ತಿಳಿದಿದೆ ಎಂದು ಗೊತ್ತುಮಾಡಿಕೊಳ್ಳಿ. ಕವಿತೆಯಿಂದ ಎಂದಾದರೆ ಆ ನೆಂಟರು ಅದರೊಳಗೆ ತಮ್ಮನ್ನೂ ಕಂಡಿರುತ್ತಾರೆ. ಹೆಸರಿನ ಬಗ್ಗೆ ಅವರಿಗೆ ಅಷ್ಟಾಗಿ ಚಿಂತೆಯಿರುವುದಿಲ್ಲ, ಆ ಸಾಲು ಏಕೆ ಬರೆದೆ ಎಂಬುದೇ ಅವರ ಪ್ರಶ್ನೆ. ಅದಕ್ಕೆ ನೇರವಾಗಿ ಉತ್ತರ ಕೊಟ್ಟು, ಉಳಿದವರಿಗೆ ಹೇಳಬೇಡಿ ಎಂದು ಕೇಳಿಕೊಳ್ಳಿ. ಮುಂದಿನ ಸಂಕಲನಕ್ಕೆ ಪಟ್ಟಿ ಬರೆಯುವಾಗ ಅವರ ಹೆಸರನ್ನು ಮರೆಯಾಗಬೇಕಾದವರ ಸಾಲಿನಿಂದ ತೆಗೆದು, ಎರಡೂ ಹೆಸರು ಬಲ್ಲವರ ಸಾಲಿಗೆ ಸೇರಿಸಿ.